ಹಳೇ ಸ್ವೀಟ್ ಅಂಗಡಿಗೆ ಹೊಸ ರೂಪ: ಕಾಲು ಕೆಜಿ ಗಿರಾಕಿಯನ್ನು ಕಳೆದುಕೊಳ್ಳಬೇಡಿ

ದಾವಣಗೆರೆಯ ಮಂಡಿಪೇಟೆ ಕಡೆ ಐವತ್ತು ವರ್ಷದ ಸ್ವೀಟ್ ಅಂಗಡಿ ಇದೆ ಅಂದುಕೊಳ್ಳಿ. ಈಗ ಗಲ್ಲಾದಲ್ಲಿ ಮೊಮ್ಮಗ ಕೂತಿದ್ದಾನೆ. ಹೊಸ ಹೆಸರು, ಹೊಸ ಬೋರ್ಡು, ಚೆಂದದ ಡಬ್ಬಿ ಮಾಡಿಸುವ ಆಸೆ ಅವನಿಗೆ. ಮಾಡಿಸಲಿ. ಆದರೆ ಡಿಸೈನರ್ ಹತ್ತಿರ ಹೋಗುವ ಮೊದಲು ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಬೇಕು.

ವಯಸ್ಸಾದವರು ಯಾವ ಹೊತ್ತಿಗೆ ಬರುತ್ತಾರೆ, ಏನು ಕೇಳುತ್ತಾರೆ, ಎಷ್ಟು ಒಯ್ಯುತ್ತಾರೆ ಎಂದು ಒಂದು ತಿಂಗಳು ಬರೆದಿಡಿ. ಸಾಮಾನ್ಯವಾಗಿ ಸಿಗುವುದು ಇದೇ: ಕಾಲು ಕೆಜಿ ಮೈಸೂರು ಪಾಕು, ನೂರು ಗ್ರಾಂ ಪೇಡ, ಜೊತೆಗೆ ಸ್ವಲ್ಪ ಖಾರ.

ಇವರು ಮುನಿಸಿಕೊಳ್ಳುವುದು ಬೋರ್ಡಿಗಿಂತ ಜಾಸ್ತಿ ಡಬ್ಬಿಯ ವಿಷಯಕ್ಕೆ. ಲೆಕ್ಕ ನೋಡಿ. ಕೆಜಿಗೆ 400 ರೂಪಾಯಿ ಇರುವ ಪಾಕನ್ನು 40 ಗ್ರಾಂ ತೂಕದ ರಟ್ಟಿನ ಡಬ್ಬಿ ಸಮೇತ ತೂಗಿದರೆ, ನೂರು ರೂಪಾಯಿಯ ವ್ಯಾಪಾರದಲ್ಲಿ 16 ರೂಪಾಯಿ ಬರೀ ರಟ್ಟಿಗೆ ಹೋಯಿತು. ಡಬ್ಬಿ ಸೇರಿಸಿ ತೂಗುವುದು ಕಾನೂನಿಗೂ ವಿರುದ್ಧ. ಅಜ್ಜಂದಿರಿಗೆ ತಕ್ಕಡಿ ಓದಲು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಹಾಗಾಗಿ ಮೊದಲು ಖಾಲಿ ಡಬ್ಬಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಚೆಂದದ ಡಬ್ಬಿ ಕೇಳಿದವರಿಗೆ ಮಾತ್ರ ಇರಲಿ. ಉಳಿದವರಿಗೆ ಬಟರ್ ಪೇಪರ್ ಸುತ್ತಿ ಕಾಗದದ ಕವರ್‌ನಲ್ಲಿ ಕೊಡಿ, ಹೊಸ ಗುರುತನ್ನು ಆ ಕವರ್ ಮೇಲೆ ಅಚ್ಚು ಹಾಕಿಸಿ. ಬೋರ್ಡಿಗಿಂತ ಮೊದಲು ಅದು ಮನೆಮನೆಗೆ ಹೋಗುತ್ತದೆ, ಕಣ್ಣಿಗೆ ರೂಢಿಯಾಗುತ್ತದೆ.

ಎರಡು ಮೂರು ತಿಂಗಳಾದ ಮೇಲೆ ಬೋರ್ಡು. ಹಳೇ ಬಣ್ಣ ಹಾಗೇ ಇರಲಿ. ಅಜ್ಜನ ಹೆಸರು ದೊಡ್ಡದಾಗಿ, ಹೊಸ ಹೆಸರು ಅದರ ಕೆಳಗೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಫಲಕದ ಶೇ 60ರಷ್ಟು ಕನ್ನಡ ಇರಲೇಬೇಕು, ಹಾಗಾಗಿ ಸುಮ್ನೆ ಇಂಗ್ಲಿಷ್ ಲೋಗೋ ಬರೆಸಿ ದುಡ್ಡು ಕಳೆಯಬೇಡಿ. ಹೆಸರು ಬದಲಾದರೆ ಆಹಾರ ಪರವಾನಗಿ, ಜಿಎಸ್‌ಟಿ, ಬಿಲ್ಲಿನಲ್ಲೂ ತಿದ್ದಿಸಿ.

ಕೆಲಸಕ್ಕೆ ಆಷಾಢ ಒಳ್ಳೆಯದು. ಮದುವೆ ಆರ್ಡರ್ ಇರುವುದಿಲ್ಲ, ಶ್ರಾವಣದ ಹಬ್ಬಗಳ ಹೊತ್ತಿಗೆ ಎಲ್ಲ ಸಿದ್ಧವಾಗಿರುತ್ತದೆ. ದೀಪಾವಳಿ ಹತ್ತಿರ ಬಂದಾಗ ಮಾತ್ರ ಕೈ ಹಾಕಬೇಡಿ.

ಇನ್ನು ರುಚಿ. ಬೋರ್ಡು ಬದಲಾದ ತಿಂಗಳು ತುಪ್ಪ, ಕಡಲೆಹಿಟ್ಟು, ತುಂಡಿನ ಅಳತೆ, ಭಟ್ಟರು ಯಾವುದನ್ನೂ ಬದಲಿಸಬೇಡಿ. ಏನೂ ಬದಲಾಗದಿದ್ದರೂ ‘ಮೊದಲಿನ ಹಾಗಿಲ್ಲಪ್ಪ’ ಅನ್ನುವವರು ಇದ್ದೇ ಇರುತ್ತಾರೆ. ವಾದಕ್ಕಿಳಿಯದೆ ಒಂದು ತುಂಡು ಕೈಗೆ ಕೊಡಿ. ಟೋಕನ್ ಪದ್ಧತಿ ತಂದರೂ ಗೊತ್ತಿರುವ ಮುಖದ ಹಳೇ ಕೆಲಸಗಾರ ಕೌಂಟರಿನಲ್ಲೇ ಇರಲಿ.

ಮೂರು ತಿಂಗಳ ನಂತರ ಮತ್ತೆ ನೋಟ್‌ಬುಕ್ ತೆಗೆಯಿರಿ. ಒಟ್ಟು ವ್ಯಾಪಾರ ನೋಡಿದರೆ ಮೋಸ ಹೋಗುತ್ತೀರಿ, ಗಿಫ್ಟ್ ಡಬ್ಬಿಗಳು ಅದನ್ನು ಏರಿಸಿರುತ್ತವೆ. ಕಾಲು ಕೆಜಿಯ ಬಿಲ್ಲುಗಳನ್ನು ಬೇರೆಯಾಗಿ ಎಣಿಸಿ. ಅವು ಇಳಿದಿದ್ದರೆ ಮೊದಲು ತಕ್ಕಡಿ, ಕವರ್, ಕೌಂಟರ್ ನೋಡಿ, ಬೋರ್ಡಿನ ಮಾತು ಆಮೇಲೆ.