ಬೈಗುಳ ಯಾವ ದಿನ ಜಾಸ್ತಿ? ಗಾರ್ಮೆಂಟ್ಸ್‌ನಲ್ಲಿ ಹಾಕಿದ ಒಂದು ಲೆಕ್ಕ

ಮದ್ದೂರಿನ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ವೆಲ್‌ಫೇರ್ ಆಫೀಸರ್. ಕ್ಯಾಂಟೀನು, ಮಕ್ಕಳ ಕೋಣೆ, ರಜೆ ತಕರಾರು ಎಲ್ಲ ನನ್ನ ಟೇಬಲ್ಲಿಗೇ ಬರುತ್ತವೆ. ಅವುಗಳ ಜೊತೆ ಒಂದು ದೂರು ಯಾವಾಗಲೂ ಇರುತ್ತಿತ್ತು: ಸೂಪರ್‌ವೈಸರ್ ಎಲ್ಲರೆದುರು ಬಯ್ಯುತ್ತಾರೆ. ಕರೆದು ಹೇಳಿದರೆ ಸ್ವಲ್ಪ ದಿನ ಸುಮ್ಮನಿರುತ್ತಿದ್ದರು, ಆಮೇಲೆ ಮತ್ತೆ ಅದೇ. ಆಫೀಸಿನಲ್ಲಿ ಇದಕ್ಕೆ ಸಿಗುತ್ತಿದ್ದ ವಿವರಣೆ ಒಂದೇ, "ಅವನ ಬಾಯೇ ಹಾಗೆ." ಲೈನ್‌ನಲ್ಲಿ ಸೂಪರ್‌ವೈಸರ್ ಬದಲಾದರೂ ದೂರು ಬದಲಾಗುತ್ತಿರಲಿಲ್ಲ. ಹಾಗಾದರೆ ಬಾಯಿಯೊಂದೇ ಕಾರಣ ಅಲ್ಲ, ಅಲ್ವಾ?

ಕೆಲಸದ ಒತ್ತಡ, ಕಿರುಕುಳ, ಅತಿಯಾದ ದುಡಿಮೆಯ ಗಂಟೆ, ಇವನ್ನೂ ಯಂತ್ರದ ಅಪಾಯದ ಹಾಗೆಯೇ ಅಳೆದು ಮೂಲದಲ್ಲಿ ಸರಿ ಮಾಡಬೇಕು ಎನ್ನುತ್ತದೆ 2021ರಲ್ಲಿ ಬಂದ ಐಎಸ್‌ಒ 45003 ಮಾರ್ಗಸೂಚಿ. ಬ್ರಿಟನ್ನಿನ ಸುರಕ್ಷತಾ ಇಲಾಖೆಯ 35 ಪ್ರಶ್ನೆಗಳ ಪಟ್ಟಿಯೂ ಪುಕ್ಕಟೆಯಾಗಿ ಸಿಗುತ್ತದೆ. ಕೆಲಸದ ಹೊರೆ, ಕೆಲಸದ ಮೇಲೆ ನಮಗಿರುವ ಹಿಡಿತ, ಸಿಗುವ ಸಹಾಯ, ಜನರ ನಡುವಿನ ಸಂಬಂಧ, ಯಾರ ಕೆಲಸ ಯಾವುದು ಎಂಬ ಸ್ಪಷ್ಟತೆ, ಬದಲಾವಣೆಯನ್ನು ನಿಭಾಯಿಸುವ ರೀತಿ, ಹೀಗೆ ಆರು ವಿಷಯ ಅದರಲ್ಲಿವೆ. ನಾನು ಅಲ್ಲಿಂದ ಶುರು ಮಾಡಲಿಲ್ಲ. ನಮ್ಮಲ್ಲೇ ಇದ್ದ ರಿಜಿಸ್ಟರ್‌ಗಳಿಂದ ಶುರು ಮಾಡಿದೆ: ಓಟಿ, ಗೇಟ್ ಪಾಸ್, ಗೈರುಹಾಜರಿ, ಕೆಲಸ ಬಿಟ್ಟವರ ಪಟ್ಟಿ, ಡಿಸ್ಪೆನ್ಸರಿಯ ಪುಸ್ತಕ. ಇಡೀ ಫ್ಯಾಕ್ಟರಿಯ ಸರಾಸರಿ ತೆಗೆದರೆ ಏನೂ ಕಾಣುವುದಿಲ್ಲ. ಲೈನ್‌ವಾರು, ದಿನವಾರು ಬರೆದುಕೊಳ್ಳಬೇಕು. ಹಾಗೆ ಬರೆದಾಗ ತಲೆನೋವು, ಸುಸ್ತು ಎಂದು ಡಿಸ್ಪೆನ್ಸರಿಗೆ ಹೋದವರು, ಅರ್ಧ ದಿನಕ್ಕೆ ಮನೆಗೆ ಹೋದವರು ಕೆಲವೇ ದಿನಗಳಲ್ಲಿ ಗುಂಪಾಗಿ ಕಂಡರು. ಆ ದಿನಗಳು ಒಂದೊಂದು ಲೈನ್‌ಗೆ ಒಂದೊಂದು. ಯಾಕೆ ಅನ್ನುವುದು ಪುಸ್ತಕದಲ್ಲಿ ಇರಲಿಲ್ಲ.

ಆಮೇಲೆ ಪ್ರಶ್ನೆಪಟ್ಟಿ. ಹೆಸರು, ಟೋಕನ್ ನಂಬರ್ ಯಾವುದೂ ಬೇಡ, ಲೈನ್ ನಂಬರ್ ಮಾತ್ರ ಸಾಕು ಎಂದು ತೀರ್ಮಾನಿಸಿದೆವು. ವಯಸ್ಸು, ಊರು ಕೇಳಿದರೆ ಮುಗಿಯಿತು. ಒಂದು ಲೈನ್‌ನಲ್ಲಿ ಇಂಥ ಊರಿನಿಂದ ಬರುವವರು ಒಬ್ಬರೋ ಇಬ್ಬರೋ ಇರುತ್ತಾರೆ, ಯಾರು ಬರೆದದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ವಿಭಾಗದ ಉತ್ತರವನ್ನು ಬೇರೆಯಾಗಿ ತೋರಿಸದೆ ಪಕ್ಕದ ವಿಭಾಗಕ್ಕೆ ಸೇರಿಸಿದೆವು. ಓದಲು ಕಷ್ಟವಾಗುವವರಿಗೆ ಒಂದೊಂದೇ ಪ್ರಶ್ನೆ ಗಟ್ಟಿಯಾಗಿ ಓದಿ, ಅವರವರೇ ಗುರುತು ಹಾಕುವಂತೆ ಮಾಡಿದೆವು. ಸೂಪರ್‌ವೈಸರ್ ಆ ಕೋಣೆಯಲ್ಲಿ ಇರಕೂಡದು. ಪಟ್ಟಿಯಲ್ಲಿ ಕೆಲವು ಪ್ರಶ್ನೆಗಳು ಉಲ್ಟಾ ಇರುತ್ತವೆ. "ಸಹಾಯ ಸಿಗುತ್ತದೆ" ಎಂಬಲ್ಲೂ "ಯಾವಾಗಲೂ", "ಕಿರುಕುಳ ಆಗುತ್ತದೆ" ಎಂಬಲ್ಲೂ "ಯಾವಾಗಲೂ" ಎಂದು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಗುರುತು ಬಿದ್ದಿದ್ದರೆ ಆ ಹಾಳೆ ಹೆದರಿಕೆಯಲ್ಲೋ ಅವಸರದಲ್ಲೋ ತುಂಬಿದ್ದು. ಅಂಥ ಹಾಳೆ ಒಂದೇ ಲೈನ್‌ನಿಂದ ಜಾಸ್ತಿ ಬಂದರೆ ಅದೇ ಒಂದು ಸುಳಿವು.

ಹೊರೆ ಜಾಸ್ತಿ, ಹಿಡಿತ ಕಡಿಮೆ ಎಂಬ ಉತ್ತರ ಎಲ್ಲ ಹೊಲಿಗೆ ಲೈನ್‌ಗಳಿಂದಲೂ ಬಂತು. ಇದು ಹೊಸದಲ್ಲ. ಈ ಎರಡೂ ಒಟ್ಟಿಗೆ ಸೇರಿದಾಗ ಒತ್ತಡ ಹೆಚ್ಚು ಎಂದು ಕೆಲಸದ ಒತ್ತಡದ ಬಗ್ಗೆ ಸಂಶೋಧನೆ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಬದಲಾವಣೆಯ ಪ್ರಶ್ನೆಗಳಿಗೆ ಇಷ್ಟು ಕೆಟ್ಟ ಅಂಕ ಬರುತ್ತದೆ ಎಂದು ಮಾತ್ರ ನಾನು ಅಂದುಕೊಂಡಿರಲಿಲ್ಲ.

ಅದರ ಅರ್ಥ ಗೊತ್ತಾಗಿದ್ದು ಮಾತಿನಲ್ಲಿ. ಏಳೆಂಟು ಜನರ ಗುಂಪು, ಕೆಲಸದ ಹೊತ್ತಿನಲ್ಲೇ. ಆ ಒಂದು ಗಂಟೆಯ ಟಾರ್ಗೆಟ್ಟನ್ನು ಲೈನ್‌ನ ಲೆಕ್ಕದಿಂದ ಬರಹದಲ್ಲಿ ಕಳೆಸಿದ ಮೇಲೇ ಅವರನ್ನು ಕರೆದೆ. ಇಲ್ಲದಿದ್ದರೆ ಮಾತಾಡಲು ಬಂದದ್ದಕ್ಕೇ ಸಂಜೆ ಬೈಸಿಕೊಳ್ಳುತ್ತಾರೆ. ಯಾರು ಬಯ್ಯುತ್ತಾರೆ ಎಂದು ಕೇಳದೆ, ಯಾವ ದಿನ ಜಾಸ್ತಿ ಎಂದು ಕೇಳಿದೆ.

"ಹೊಸ ಸ್ಟೈಲ್ ಬತ್ತು ಅಂದ್ರೆ ಮೂರು ದಿವ್ಸ ಕಿವಿ ಮುಚ್ಕೊಂಡು ಕೂತ್ಕೋಬೇಕು ಮೇಡಂ," ಎಂದರು ಕಾಲರ್ ಹೊಲಿಯುವ ಒಬ್ಬ ಅಕ್ಕ. ಸ್ಟೈಲ್ ಅಂದರೆ ಲೈನ್‌ನಲ್ಲಿ ಹೊಲಿಯುವ ಉಡುಪಿನ ಮಾದರಿ. ಡಿಸ್ಪೆನ್ಸರಿ ಪುಸ್ತಕದ ಪಕ್ಕ ಪ್ಲಾನಿಂಗ್‌ನವರ ಹಾಳೆ ಇಟ್ಟು ನೋಡಿದೆ. ಗುಂಪಾಗಿ ಕಂಡ ಆ ದಿನಗಳಲ್ಲಿ ಹೆಚ್ಚಿನವು ಸ್ಟೈಲ್ ಬದಲಾದ ದಿನಗಳೇ.

ಒಂದು ಲೈನ್‌ನ ಲೆಕ್ಕ ಹೇಳುತ್ತೇನೆ. ಒಂದು ಶರ್ಟಿಗೆ 20 ನಿಮಿಷದ ಕೆಲಸ, ಲೈನ್‌ನಲ್ಲಿ 40 ಟೈಲರ್‌ಗಳು. ಎಲ್ಲರೂ ನೂರಕ್ಕೆ ನೂರು ಹೊಲಿದರೆ ಗಂಟೆಗೆ 120 ಶರ್ಟು. ನಮ್ಮಲ್ಲಿ ಟಾರ್ಗೆಟ್ ಅದರ ಶೇಕಡ 60, ಅಂದರೆ 72. ಬೋರ್ಡಿನ ಮೇಲೆ ಮೊದಲ ದಿನದಿಂದಲೇ 72 ಎಂದು ಬರೆಯುತ್ತಿದ್ದರು. ಹೊಸ ಸ್ಟೈಲಿಗೆ ಕೈ ಕೂರುವ ತನಕ ಅಷ್ಟು ಬರುವುದಿಲ್ಲ. ಮೊದಲ ದಿನ ಶೇಕಡ 30, ಎರಡನೇ ದಿನ 40, ಮೂರನೇ ದಿನ 50, ಸುಮಾರಾಗಿ ಹೀಗೆ ಏರುತ್ತದೆ. ಎಂಟು ಗಂಟೆಗೆ ಮೊದಲ ದಿನ 288, ಎರಡನೇ ದಿನ 192, ಮೂರನೇ ದಿನ 96 ಶರ್ಟು ಕಡಿಮೆ. ಒಟ್ಟು 576. ಟಾರ್ಗೆಟ್ ಪ್ರಕಾರ ಅದು ಸರಿಯಾಗಿ ಒಂದು ದಿನದ ಕೆಲಸ.

ಗಂಟೆಗೊಮ್ಮೆ ಬೋರ್ಡಿನ ಮೇಲೆ ಕೆಂಪು ಅಂಕಿ ಬೀಳುತ್ತದೆ. ಫ್ಲೋರ್ ಇನ್‌ಚಾರ್ಜ್ ಸೂಪರ್‌ವೈಸರ್‌ಗೆ ಬಯ್ಯುತ್ತಾರೆ, ಅವರು ಟೈಲರ್‌ಗೆ ಬಯ್ಯುತ್ತಾರೆ. ಕೊರತೆ ಬಿದ್ದ 576 ಶರ್ಟು ಎಲ್ಲಿಗೂ ಹೋಗುವುದಿಲ್ಲ, ಶಿಪ್‌ಮೆಂಟ್ ಹತ್ತಿರ ಬಂದಾಗ ದಿನಕ್ಕೆ ಎರಡು ಗಂಟೆಯಂತೆ ನಾಲ್ಕು ದಿನದ ಓಟಿಯಾಗಿ ಬರುತ್ತದೆ. ಒತ್ತಡ, ಬೈಗುಳ, ಓಟಿ ಎಂದು ನಾವು ಮೂರು ಫೈಲು ಇಟ್ಟಿದ್ದೆವು. ಮೂರರ ಬೇರೂ ಒಂದೇ ಬೋರ್ಡಿನಲ್ಲಿತ್ತು.

ಓಟಿ ಎಂದರೆ ಬರೀ ಆ ಎರಡು ಗಂಟೆ ಅಲ್ಲ. ಹಳ್ಳಿಯಿಂದ ವ್ಯಾನಿನಲ್ಲಿ ಬರುವವರು ನಸುಕಿನಲ್ಲಿ ಎದ್ದು ಅಡಿಗೆ ಮಾಡಿಟ್ಟು ಬಂದಿರುತ್ತಾರೆ. ಹಾಗಾಗಿ ಪಂಚಿಂಗ್ ಸಮಯದ ಪಕ್ಕ, ಮನೆ ಬಿಟ್ಟು ಮನೆ ಸೇರುವ ಸಮಯವನ್ನೂ ಕೇಳಿ ಬರೆದುಕೊಂಡೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು ಜಾಸ್ತಿ ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿವೆ. ವಾರದ 48 ಗಂಟೆಗೆ ನಾಲ್ಕು ದಿನದ ಓಟಿ ಸೇರಿಸಿದರೆ 56.

ಮ್ಯಾನೇಜ್‌ಮೆಂಟ್ ಮುಂದೆ ಆರೋಗ್ಯದ ಮಾತನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ದುಡ್ಡಿನ ಮಾತು. ಪ್ರತಿ ಸ್ಟೈಲಿಗೂ ಒಂದು ದಿನ ಹೇಗೂ ಹೋಗುತ್ತಿದೆ, ನಾವು ಅದನ್ನು ಪ್ಲಾನ್‌ನಲ್ಲಿ ತೋರಿಸದೆ ಸಂಜೆ ಹೊತ್ತು ಎರಡು ಪಟ್ಟು ಕೂಲಿ ಕೊಟ್ಟು ಕೊಳ್ಳುತ್ತಿದ್ದೇವೆ ಎಂದೆ. ಈ ವಾದ ನಾಟಿತು. ಈಗ ಬೋರ್ಡಿನ ಮೇಲೆ ಮೊದಲ ದಿನ 36, ಆಮೇಲೆ 48, 60, ನಾಲ್ಕನೇ ದಿನ 72 ಎಂದು ಬರೆಯುತ್ತಾರೆ. ಆರ್ಡರ್ ಪ್ಲಾನ್‌ನಲ್ಲಿ ಸ್ಟೈಲಿಗೆ ಒಂದು ದಿನ ಸೇರಿಸುತ್ತಾರೆ. ಲೈನ್‌ಗೆ ಹಾಕುವ ಹಿಂದಿನ ದಿನ ಒಂದು ಸ್ಯಾಂಪಲ್ ತೋರಿಸಿ, ಕಷ್ಟದ ಆಪರೇಶನ್ ಯಾವುದು ಎಂದು ಟೈಲರ್‌ಗಳನ್ನೇ ಕೇಳುತ್ತಾರೆ.

ಒಂದು ಸೀಸನ್ ಕಳೆದ ಮೇಲೆ ಅದೇ ರಿಜಿಸ್ಟರ್‌ಗಳನ್ನು ಮತ್ತೆ ತೆಗೆದೆ. ಸ್ಟೈಲ್ ಬದಲಾದ ದಿನಗಳ ಗೇಟ್ ಪಾಸ್ ಉಳಿದ ದಿನಗಳ ಮಟ್ಟಕ್ಕೆ ಇಳಿದಿತ್ತು, ಓಟಿಯೂ ಕಡಿಮೆಯಾಗಿತ್ತು. ಬಟ್ಟೆ ತಡವಾಗಿ ಬಂದು ಶಿಪ್‌ಮೆಂಟ್ ತಾರೀಖು ಮಾತ್ರ ಹಾಗೇ ಉಳಿದ ಆರ್ಡರ್‌ಗಳಲ್ಲಿ ಈ ಯಾವುದೂ ನಡೆಯಲಿಲ್ಲ. ಅಲ್ಲಿ ಹಳೆಯ ಕಥೆಯೇ.

ಇನ್ನೊಂದು ಉಪಯೋಗವೂ ಆಯಿತು. ಬೋರ್ಡಿನ ಒತ್ತಡ ಇಳಿದ ಮೇಲೂ ಒಂದು ಲೈನ್‌ನಿಂದ ದೂರು ಬರುತ್ತಲೇ ಇತ್ತು, ಸ್ಟೈಲ್ ಬದಲಾಗದ ವಾರದಲ್ಲೂ. ಅದು ನಿಜವಾಗಿ ಒಬ್ಬರ ನಡವಳಿಕೆ. ಅದಕ್ಕೆ ಸರ್ವೆ ಬೇಡ, ವಿಚಾರಣೆ ಬೇಕು, ನಡೆಸಿದೆವು. ಲೈಂಗಿಕ ಕಿರುಕುಳದ ಛಾಯೆ ಇರುವ ಮಾತು ಬಂದರಂತೂ 2013ರ ಕಾಯ್ದೆಯಂತೆ ಆಂತರಿಕ ಸಮಿತಿಯ ದಾರಿ ಇದೆ. ಅದನ್ನು ಪ್ರಶ್ನೆಪಟ್ಟಿಯ ಅಂಕಿಯೊಳಗೆ ಕರಗಿಸಬಾರದು.

ಈ ಅಳತೆಗೆ ಸಿಗದವರು ಇದ್ದಾರೆ. ಪ್ರಶ್ನೆಪಟ್ಟಿ ತುಂಬುವವರು ಉಳಿದುಕೊಂಡವರು, ತಡೆಯಲಾರದವರು ಆಗಲೇ ಬಿಟ್ಟು ಹೋಗಿರುತ್ತಾರೆ. ಅದಕ್ಕೇ ಈಗ ಕೆಲಸ ಬಿಟ್ಟವರಿಗೆ ಒಂದೆರಡು ತಿಂಗಳ ನಂತರ, ಬಾಕಿ ಲೆಕ್ಕ ಚುಕ್ತಾ ಆದ ಮೇಲೆ ಫೋನ್ ಮಾಡುತ್ತೇನೆ. ದುಡ್ಡು ನಮ್ಮ ಕೈಯಲ್ಲಿರುವ ತನಕ ಎಲ್ಲರೂ "ಮನೇಲಿ ತೊಂದರೆ ಮೇಡಂ" ಎಂದಷ್ಟೇ ಹೇಳುತ್ತಾರೆ.