ಮಗುವಿನ ಒದೆತ ಎಣಿಸುವವರಿಗೆ ಒಂದು ಮಾತು

ಮೊದಲ ಬಸಿರಲ್ಲಿ ಮಗುವಿನ ಅಲುಗಾಟ ಸಾಮಾನ್ಯವಾಗಿ 18ರಿಂದ 20 ವಾರದ ಹೊತ್ತಿಗೆ ತಿಳಿಯುತ್ತದೆ. ಎರಡನೇ ಸಲ 16ಕ್ಕೇ ಗೊತ್ತಾಗಬಹುದು. ಮೊದಮೊದಲು ಅದು ಒದೆತದ ಹಾಗಿರಲ್ಲ, ಗುಳ್ಳೆ ಒಡೆದಂತೆ ಇರುತ್ತದೆ. ಎಷ್ಟೋ ಜನ ಗ್ಯಾಸ್ ಅಂದುಕೊಳ್ಳುತ್ತಾರೆ. ಮಾಸು ಗರ್ಭಕೋಶದ ಮುಂಭಾಗದಲ್ಲಿದ್ದರೆ ಇನ್ನೂ ತಡವಾಗಬಹುದು. 24 ವಾರವಾದರೂ ಏನೂ ತಿಳಿಯದಿದ್ದರೆ ಡಾಕ್ಟರಿಗೆ ಹೇಳಿ.

ಎಣಿಕೆ ಶುರು ಮಾಡುವುದು 28ನೇ ವಾರದಿಂದ. ದಿನಾ ಮಗು ಚುರುಕಾಗಿರುವ ಒಂದೇ ಹೊತ್ತಿನಲ್ಲಿ ಎಡಮಗ್ಗುಲಿಗೆ ಮಲಗಿ. ಒದೆತ, ಹೊರಳಾಟ ಎಲ್ಲ ಎಣಿಸಿ, ಬಿಕ್ಕಳಿಕೆ ಬೇಡ. ಹತ್ತು ಆಗಲು ಎಷ್ಟು ನಿಮಿಷ ಬೇಕಾಯಿತು ಅಂತ ಬರೆದಿಡಿ.

ಹತ್ತು ಅನ್ನುವ ಸಂಖ್ಯೆಗಿಂತ ನಿಮ್ಮ ಮಗುವಿನ ರೂಢಿ ಮುಖ್ಯ. ದಿನಾ 25 ನಿಮಿಷದಲ್ಲಿ ಹತ್ತು ಆಗುತ್ತಿತ್ತು ಅಂದುಕೊಳ್ಳಿ. ಇವತ್ತು ಒಂದು ಗಂಟೆಯಾದರೂ ನಾಲ್ಕೇ. ಮಗು ಮಲಗಿರಬಹುದು, ಆದರೆ ಆ ನಿದ್ದೆ ಸಾಮಾನ್ಯವಾಗಿ 20ರಿಂದ 40 ನಿಮಿಷ ಅಷ್ಟೆ. ಎರಡು ಗಂಟೆಯಲ್ಲೂ ಹತ್ತು ಆಗದಿದ್ದರೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ, ರಾತ್ರಿಯಾದರೂ ಸರಿ. ಹತ್ತು ಆದರೂ ಎಂದಿನಂತಿಲ್ಲ ಅನಿಸಿದರೆ ಅಥವಾ ಅಲುಗಾಟ ಪೂರ್ತಿ ನಿಂತರೆ ಎಣಿಸುತ್ತಾ ಕೂರಲೇಬೇಡಿ. ಅಲ್ಲಿ ಮಗುವಿನ ಎದೆಬಡಿತದ ಏರಿಳಿತವನ್ನು ಯಂತ್ರದಲ್ಲಿ ನೋಡುತ್ತಾರೆ. ಮನೆಯ ಡಾಪ್ಲರ್‌ನಲ್ಲಿ ಬಡಿತ ಕೇಳಿಸಿತು ಅಂತ ಸುಮ್ನಾಗಬೇಡಿ, ಸೊರಗುತ್ತಿರುವ ಮಗುವಿನ ಬಡಿತವೂ ಕೇಳಿಸುತ್ತದೆ.

ಕೊನೆಯ ವಾರಗಳಲ್ಲಿ ಜಾಗ ಕಡಿಮೆ, ಮಗು ಆಡಲ್ಲ ಅನ್ನುತ್ತಾರಲ್ವಾ? ಅದು ತಪ್ಪು. ಅಲುಗಾಟದ ರೀತಿ ಬದಲಾಗಬಹುದು, ಆದರೆ ಹೆರಿಗೆಯವರೆಗೂ ಅದು ಕಡಿಮೆಯಾಗಬಾರದು.