31 ಸರ್ಟಿಫಿಕೇಟ್‌ನಿಂದ 3ಕ್ಕೆ ಇಳಿಸಿದೆ, ಆಮೇಲೆ ಕೆಲಸ ಸಿಕ್ಕಿತು: ನನ್ನ ಅನುಭವ

ನಾನು ಆರೂವರೆ ವರ್ಷ ಪ್ರೊಡಕ್ಷನ್ ಸಪೋರ್ಟ್‌ನಲ್ಲಿದ್ದೆ. ಈಗ ಡೇಟಾ ಅನಲಿಸ್ಟ್. ಲಿಂಕ್ಡ್‌ಇನ್ ಪ್ರೊಫೈಲ್‌ನಿಂದ ಸರ್ಟಿಫಿಕೇಟ್ ತೆಗೆದುಹಾಕ್ತೀನಿ ಅಂದಾಗ ನಮ್ಮ ಟೀಮ್‌ನಲ್ಲಿ ಒಬ್ಬರೂ ಒಪ್ಪಲಿಲ್ಲ. "ಇರೋದನ್ನ ಯಾಕೆ ಕಳ್ಕೊಳ್ತೀಯ ಮಗಾ, ಸುಮ್ನೆ ಇರಲಿ ಬಿಡು" ಅಂದರು. ಅದೇ ಗೆಳೆಯರಲ್ಲಿ ಮೂರು ಜನ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಾ ಶುರುವಾಗಿದ್ದು ಲಾಕ್‌ಡೌನ್ ಸಮಯದಲ್ಲಿ. ಮನೆಯಲ್ಲೇ ಕೂತು ಸಿಕ್ಕಿದ ಕೋರ್ಸ್ ಎಲ್ಲಾ ಮಾಡಿದೆ, ಮುಗಿದ ಕೂಡಲೇ ಪ್ರೊಫೈಲ್‌ಗೆ ಹಾಕಿದೆ. ನಾಲ್ಕು ವರ್ಷದಲ್ಲಿ 31 ಆದವು. ದುಡ್ಡು ಲೆಕ್ಕ ಹಾಕಿದರೆ ಕೈಯಿಂದ ಹೋಗಿದ್ದು ಹತ್ತಿರ ಹತ್ತಿರ 38 ಸಾವಿರ. ಅದರಲ್ಲಿ 18 ಸಾವಿರ ಒಂದೇ ಒಂದು ಟ್ರೈನಿಂಗ್ ಸೆಂಟರ್‌ಗೆ ಹೋಯಿತು. "ಇಂಡಸ್ಟ್ರಿ ಸರ್ಟಿಫಿಕೇಟ್" ಅಂತ ಕೊಟ್ಟರು. ಒಂದೂವರೆ ವರ್ಷದ ಮೇಲೆ ನೋಡಿದರೆ ಅದರ ವೆರಿಫಿಕೇಶನ್ ಲಿಂಕೇ ತೆರೆಯುತ್ತಿರಲಿಲ್ಲ. ಫೋನ್ ಮಾಡಿದರೆ ಸೆಂಟರ್ ಮುಚ್ಚಿದೆ ಅಂದರು. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಣ್ಣು ತೆರೆಸಿದ್ದು ಬೆಳ್ಳಂದೂರಿನ ಒಂದು ಇಂಟರ್‌ವ್ಯೂ. ಅನಲಿಸ್ಟ್ ಕೆಲಸಕ್ಕೇ ಕರೆದಿದ್ದರು. ಮೊದಲ ಇಪ್ಪತ್ತು ನಿಮಿಷ ಎಸ್‌ಕ್ಯೂಎಲ್ ಕೇಳಿದರು, ಚೆನ್ನಾಗಿಯೇ ಹೇಳಿದೆ. ಆಮೇಲೆ ಅವರು ನನ್ನ ಪ್ರೊಫೈಲ್ ಕೆಳಗೆ ತಳ್ಳುತ್ತಾ ಹೋಗಿ, "ಕಾಫ್ಕಾ ಸರ್ಟಿಫಿಕೇಟ್ ಇದೆಯಲ್ಲಾ, ಕನ್ಸ್ಯೂಮರ್ ಗ್ರೂಪ್ ಅಂದ್ರೆ ಏನು ಹೇಳಿ" ಅಂದರು. ನನಗೆ ಏನೂ ನೆನಪಿಗೆ ಬರಲಿಲ್ಲ. ಆ ಕೋರ್ಸ್‌ನ ಮೂರು ಗಂಟೆ ವಿಡಿಯೋನ ಒಂದು ಭಾನುವಾರ ವೇಗವಾಗಿ ಓಡಿಸಿ ನೋಡಿ ಮುಗಿಸಿದ್ದೆ. ಕೊನೇ ವಿಡಿಯೋ ಮುಗಿದರೆ ಸರ್ಟಿಫಿಕೇಟ್ ಬರುತ್ತಿತ್ತು, ಅಷ್ಟೇ. ಆ ಕೆಲಸಕ್ಕೆ ಕಾಫ್ಕಾ ಬೇಕೂ ಇರಲಿಲ್ಲ. ಆದರೆ ಆ ಒಂದು ಪ್ರಶ್ನೆ ಆದಮೇಲೆ ಅವರ ಮುಖವೇ ಬದಲಾಯಿತು. ಮೊದಲು ಸರಿ ಅಂದಿದ್ದ ಎಸ್‌ಕ್ಯೂಎಲ್ ಉತ್ತರಗಳನ್ನೇ ಮತ್ತೆ ಕೆದಕಿ ಕೇಳಿದರು. ನಮಗೆ ಬಾರದ ಒಂದು ಬ್ಯಾಡ್ಜ್, ಬರುವ ಮೂರು ಬ್ಯಾಡ್ಜ್ ಮೇಲೂ ಅನುಮಾನ ಹುಟ್ಟಿಸುತ್ತದೆ ಅಂತ ಅವತ್ತು ಗೊತ್ತಾಯಿತು.

ಅದೇ ವಾರ ವಿಜಯನಗರದಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಒಂದು ಕನ್ಸಲ್ಟೆನ್ಸಿಯಲ್ಲಿ ರಿಕ್ರೂಟರ್, ದಿನಕ್ಕೆ ನೂರಾರು ಪ್ರೊಫೈಲ್ ನೋಡುವವರು. "ಅತ್ತಿಗೆ, ನನ್ನದನ್ನ ನೀವು ಬೇರೆಯವರದ್ದು ನೋಡೋ ಹಾಗೆ ನೋಡಿ" ಅಂತ ಮೊಬೈಲ್ ಕೊಟ್ಟೆ. ಹೆಬ್ಬೆರಳು ಎರಡು ಸಲ ತಳ್ಳಿದರು, ಅಷ್ಟೇ, ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. "ನೀನು ಸಪೋರ್ಟ್‌ನವನೋ ಅನಲಿಸ್ಟೋ ಅಂತಾನೇ ಗೊತ್ತಾಗಲ್ಲ ಕಣೋ" ಅಂದರು. Licenses & certifications ಭಾಗದಲ್ಲಿ ನನ್ನ ಪ್ರೊಫೈಲ್ ತೋರಿಸುತ್ತಿದ್ದದ್ದು ಎರಡೇ, ಮಿಕ್ಕಿದ್ದೆಲ್ಲಾ Show all ಒತ್ತಿದರೆ ಮಾತ್ರ. ಆ ಎರಡು ಯಾವುದು ಗೊತ್ತಾ? ಒಂದು ಟೈಮ್ ಮ್ಯಾನೇಜ್‌ಮೆಂಟ್, ಇನ್ನೊಂದು ಅದೇ ಕಾಫ್ಕಾ. "ಈ Show all ನೀವು ಒತ್ತುತ್ತೀರಾ?" ಅಂದೆ. "ಕ್ಲೈಂಟ್ ಒಂದು ಸರ್ಟಿಫಿಕೇಟ್ ಹೆಸರು ಹೇಳಿ ಕೇಳಿದ್ರೆ ಮಾತ್ರ" ಅಂದರು.

ಮನೆಗೆ ಬಂದು 31ನ್ನೂ ಒಂದು ಶೀಟ್‌ನಲ್ಲಿ ಬರೆದೆ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ. ಇದರ ಪರೀಕ್ಷೆಯಲ್ಲಿ ಫೇಲ್ ಆಗುವ ಸಾಧ್ಯತೆ ಇತ್ತಾ? ಬೇರೆಯವರ ಮೊಬೈಲ್‌ನಲ್ಲಿ, ಲಾಗಿನ್ ಇಲ್ಲದೆ ಲಿಂಕ್ ತೆರೆಯುತ್ತಾ? ಇದರ ಬಗ್ಗೆ ಈಗ, ಓದದೆ, ಹತ್ತು ನಿಮಿಷ ಮಾತಾಡಬಲ್ಲೆನಾ? ನನ್ನ ಕೆಲಸದ ಅನುಭವ ಹೇಳದೇ ಇರುವುದನ್ನ ಇದು ಹೇಳುತ್ತಾ? ಮೊದಲ ಪ್ರಶ್ನೆಗೇ 17 ಹೋದವು. ಎರಡನೆಯದಕ್ಕೆ 18 ಸಾವಿರದ್ದು ಹೋಯಿತು.

ಕಷ್ಟ ಆಗಿದ್ದು ಎಸ್‌ಕ್ಯೂಎಲ್ ಗುಂಪು, ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಒಂದೇ ವಿಷಯಕ್ಕೆ ನನ್ನ ಹತ್ತಿರ ಹಿಂದೆ ಒಂದು, ಈಗ ಮೂರು, ಒಟ್ಟು ನಾಲ್ಕು ಪುರಾವೆ. ಮೊದಲನೆಯದು ಲಿಂಕ್ಡ್‌ಇನ್‌ನದೇ ಸ್ಕಿಲ್ ಅಸೆಸ್‌ಮೆಂಟ್ ಬ್ಯಾಡ್ಜ್. ನೆನಪಿದೆಯಲ್ವಾ, 15 ಪ್ರಶ್ನೆ, ಬರೆದವರಲ್ಲಿ ಮೇಲಿನ ಶೇ 30ರೊಳಗೆ ಬಂದರೆ ಬ್ಯಾಡ್ಜ್. ಅದನ್ನ ಅವರು 2023ರ ಕೊನೆಗೆ ನಿಲ್ಲಿಸಿಬಿಟ್ಟರು. ಆ ಪ್ರಶ್ನೆಗಳ ಉತ್ತರ ಗಿಟ್‌ಹಬ್‌ನಲ್ಲೇ ಓಡಾಡುತ್ತಿದ್ದವು, ಹಾಗಾಗಿ ನಿಲ್ಲುವ ಮೊದಲೇ ಅದಕ್ಕೆ ಬೆಲೆ ಇರಲಿಲ್ಲ. ರೆಸ್ಯೂಮೆಯಲ್ಲಿ ಇನ್ನೂ ಅದನ್ನ ಬರೆದುಕೊಂಡಿರುವವರು ದಯವಿಟ್ಟು ತೆಗೆಯಿರಿ, ನೋಡುವವರಿಗೆ ಹಳೇ ರೆಸ್ಯೂಮೆ ಅಂತ ತಕ್ಷಣ ಗೊತ್ತಾಗುತ್ತದೆ. ಎರಡನೆಯದು ಉಡೆಮಿ ಕೋರ್ಸ್, ವಿಡಿಯೋ ನೋಡಿದ್ದಕ್ಕೆ ಬಂದಿದ್ದು. ಕೋರ್ಸ್ ಒಳ್ಳೆಯದೇ, ನಾನು ವಿಂಡೋ ಫಂಕ್ಷನ್ ಕಲಿತದ್ದೇ ಅದರಲ್ಲಿ, ಆದರೆ ಕಲಿತೆ ಅನ್ನುವುದಕ್ಕೆ ಅದು ಪುರಾವೆ ಅಲ್ಲ.

ಮೂರನೆಯದು ಹ್ಯಾಕರ್‌ರ‍್ಯಾಂಕ್‌ನ ಎಸ್‌ಕ್ಯೂಎಲ್ ಅಡ್ವಾನ್ಸ್ಡ್. ಇಲ್ಲಿ ನಿಜವಾಗಿ ಕ್ವೆರಿ ಬರೆಯಬೇಕು. ಲಿಂಕೂ ತೆರೆಯುತ್ತದೆ. ಆದರೆ ನಾನು ಮನೆಯಲ್ಲಿ ಕೂತು ಬರೆದದ್ದು, ಪಕ್ಕದಲ್ಲಿ ಯಾರಿದ್ದರು ಅಂತ ಯಾರಿಗೂ ಗೊತ್ತಿಲ್ಲ. ನಾಲ್ಕನೆಯದು ಎನ್‌ಪಿಟಿಇಎಲ್‌ನ ಡೇಟಾಬೇಸ್ ಕೋರ್ಸ್, ಐಐಟಿ ಖರಗ್‌ಪುರದ್ದು, 8 ವಾರ. ಕಲಿಯುವುದು ಉಚಿತ, ಪರೀಕ್ಷೆಗೆ 1000 ರೂಪಾಯಿ ಕಟ್ಟಿದ್ದೆ. ಐಡಿ ಕಾರ್ಡ್ ಹಿಡಿದುಕೊಂಡು ಸೆಂಟರ್‌ಗೆ ಹೋಗಿ ಬರೆಯಬೇಕು. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75, ಬಂದ ಅಂಕ ಸರ್ಟಿಫಿಕೇಟ್ ಮೇಲೇ ಅಚ್ಚಾಗಿರುತ್ತದೆ. ನನಗೆ 78 ಬಂದು ಎಲೀಟ್ ಸಿಲ್ವರ್ ಸಿಕ್ಕಿತು. ಇದನ್ನ ಹೇಳಿಕೊಳ್ಳಲು ನನಗೆ ಖುಷಿಯೇ.

ಯಾವುದನ್ನ ಉಳಿಸುವುದು? ಎನ್‌ಪಿಟಿಇಎಲ್‌ನಲ್ಲಿ ನಾರ್ಮಲೈಸೇಶನ್, ಟ್ರಾನ್ಸಾಕ್ಷನ್ ಥರದ ಥಿಯರಿ ಜಾಸ್ತಿ. ಅನಲಿಸ್ಟ್ ಇಂಟರ್‌ವ್ಯೂನಲ್ಲಿ ಕೇಳುವುದು ಕ್ವೆರಿ. ಆ ಲೆಕ್ಕಕ್ಕೆ ಹ್ಯಾಕರ್‌ರ‍್ಯಾಂಕ್ ಹತ್ತಿರದ್ದು. ಎರಡು ದಿನ ಯೋಚಿಸಿದೆ. ಕೊನೆಗೆ ಒಂದು ವಿಷಯ ಹೊಳೆಯಿತು: ಕ್ವೆರಿ ಬರುತ್ತಾ ಅಂತ ಅವರೇ ಎದುರಿಗೆ ಕೂರಿಸಿಕೊಂಡು ನೋಡೇ ನೋಡ್ತಾರೆ, ಅದಕ್ಕೆ ಬ್ಯಾಡ್ಜ್ ಬೇಕಾಗಿಲ್ಲ. ಬ್ಯಾಡ್ಜ್ ಬೇಕಾಗಿರುವುದು ಆ ಕುರ್ಚಿವರೆಗೆ ಹೋಗುವುದಕ್ಕೆ. ಸಪೋರ್ಟ್‌ನವನು ಡೇಟಾಬೇಸ್ ಸೀರಿಯಸ್ಸಾಗಿ ಓದಿದ್ದಾನಾ ಅನ್ನುವ ಅನುಮಾನಕ್ಕೆ ಕಾವಲಿನಲ್ಲಿ ಬರೆದ ಪರೀಕ್ಷೆಯೇ ಸರಿಯಾದ ಉತ್ತರ. ಎನ್‌ಪಿಟಿಇಎಲ್ ಉಳಿಯಿತು, ಮಿಕ್ಕಿದ್ದು ಹೋದವು.

ಗೂಗಲ್‌ನ ಡೇಟಾ ಅನಲಿಟಿಕ್ಸ್ ಸರ್ಟಿಫಿಕೇಟ್ ಕೋರ್ಸೆರಾದಲ್ಲಿ ಮಾಡಿದ್ದೆ. ಆಗ ಅದರಲ್ಲಿ 8 ಕೋರ್ಸ್, ಒಂದೊಂದಕ್ಕೂ ಬೇರೆ ಸರ್ಟಿಫಿಕೇಟ್, ಕೊನೆಗೆ ಒಟ್ಟಿಗೆ ಇನ್ನೊಂದು. ನಾನು 9 ಕೂಡ ಹಾಕಿದ್ದೆ. 8 ತೆಗೆದು ಕೊನೆಯದೊಂದೇ ಇಟ್ಟೆ.

ಎಲ್ಲಕ್ಕಿಂತ ಹೊಟ್ಟೆ ಸಂಕಟ ಕೊಟ್ಟಿದ್ದು ಐಟಿ ಸಪೋರ್ಟ್ ಕೆಲಸದವರು ಮಾಡುವ ಐಟಿಐಎಲ್ ಸರ್ಟಿಫಿಕೇಟ್. ಅದು ನಿಜವಾದ ಪರೀಕ್ಷೆ, 40ರಲ್ಲಿ 26 ಬರಬೇಕು, ಕ್ಯಾಮೆರಾ ಮುಂದೆ ಕೂತು ಬರೆದಿದ್ದೆ, ಫೀಸು ಕಂಪನಿ ಕಟ್ಟಿತ್ತು. ನನ್ನ ಮೊದಲ ಮೂರು ಪ್ರಶ್ನೆಯಲ್ಲೂ ಪಾಸ್. ನಾಲ್ಕನೆಯದರಲ್ಲಿ ಬಿತ್ತು. ಆರೂವರೆ ವರ್ಷದ ಅನುಭವವೇ ನಾನು ಸಪೋರ್ಟ್‌ನವನು ಅಂತ ಕೂಗಿ ಹೇಳುತ್ತಿದೆ, ಇದು ಅದನ್ನೇ ಇನ್ನೊಂದು ಸಲ ಹೇಳುತ್ತದೆ. ಬರುವ ಕರೆಗಳಲ್ಲಿ ಮುಕ್ಕಾಲು ಪಾಲು ಇನ್ಸಿಡೆಂಟ್ ಮ್ಯಾನೇಜರ್ ಕೆಲಸಕ್ಕೇ. ಬ್ಯಾಡ್ಜ್ ಒಳ್ಳೆಯದೇ, ನಾನು ಹೋಗಬೇಕಾದ ದಾರಿಗೆ ಮಾತ್ರ ಅಲ್ಲ. ತೆಗೆದೆ. ನೀವು ಸಪೋರ್ಟ್‌ನಲ್ಲೇ ಮುಂದುವರೆಯುವವರಾದರೆ ಇದನ್ನೇ ಎಲ್ಲಕ್ಕಿಂತ ಮೇಲೆ ಇಡಿ.

ಖಾಲಿಯಾದ ಜಾಗಕ್ಕೆ ಒಂದೇ ಒಂದು ಹೊಸದು ತಂದೆ, ಮೈಕ್ರೋಸಾಫ್ಟ್‌ನ PL-300, ಪವರ್ ಬಿಐದು. ಫೀಸು ಸುಮಾರು 5 ಸಾವಿರ. 1000ಕ್ಕೆ 700 ಬರಬೇಕು. ಮೊದಲ ಸಲ 660 ಚಿಲ್ಲರೆ ಬಂದು ಹೋಯಿತು, ಡ್ಯಾಕ್ಸ್ ಭಾಗ ಕೈ ಕೊಟ್ಟಿತು. ಮತ್ತೆ 5 ಸಾವಿರ ಕಟ್ಟಿ ಎರಡನೇ ಸಲ ಪಾಸಾದೆ. ಇದಕ್ಕೆ ಒಂದೇ ವರ್ಷ ಆಯಸ್ಸು. ಮುಗಿಯುವ ಮೊದಲಿನ ಆರು ತಿಂಗಳಲ್ಲಿ ಯಾವಾಗ ಬೇಕಾದರೂ ಆನ್‌ಲೈನ್‌ನಲ್ಲಿ ಉಚಿತವಾಗಿ ರಿನ್ಯೂ ಮಾಡಬಹುದು. ತಪ್ಪಿಸಿಕೊಂಡರೆ ಪೂರ್ತಿ ಪರೀಕ್ಷೆ ಮತ್ತೆ ಬರೆಯಬೇಕು. ಅವಧಿ ಮುಗಿದ ಬ್ಯಾಡ್ಜ್ ಪ್ರೊಫೈಲ್‌ನಲ್ಲಿ ಕೂತಿದ್ದರೆ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ತೆಗೆಯುವಾಗ ಗೆಳೆಯರ ದೊಡ್ಡ ಹೆದರಿಕೆ, "ಸರ್ಚ್‌ನಲ್ಲಿ ಬರೋದೇ ನಿಂತು ಹೋಗುತ್ತೆ" ಅಂತ. ಸರ್ಟಿಫಿಕೇಟ್ ಬೇರೆ, ಸ್ಕಿಲ್ ಬೇರೆ. ಡಿಲೀಟ್ ಮಾಡುವ ಮೊದಲು ಅದಕ್ಕೆ ಅಂಟಿಸಿದ್ದ ಸ್ಕಿಲ್‌ಗಳನ್ನ ನೋಡಿ, ನಿಜವಾಗಿ ಬಳಸಿದ್ದನ್ನ ಆ ಕೆಲಸದ ಅನುಭವದ ಕೆಳಗೆ ಸೇರಿಸಿದೆ. "ಎಸ್‌ಕ್ಯೂಎಲ್, ಕೋರ್ಸ್‌ನಲ್ಲಿ" ಅನ್ನುವ ಬದಲು "ಎಸ್‌ಕ್ಯೂಎಲ್, ಕೆಲಸದಲ್ಲಿ" ಅಂತ ಆಯಿತು. ಬದಲಾವಣೆ ಮಾಡಿದ್ದು ಎಲ್ಲರಿಗೂ ಗೊತ್ತಾಗದಿರಲಿ ಅಂತ Notify network ಆಫ್ ಮಾಡಿಕೊಂಡೆ. ಎಲ್ಲಾ ಒಂದೇ ಸಂಜೆ ಮಾಡಲಿಲ್ಲ, ಎರಡು ವಾರ ಹಿಡಿಯಿತು. ಹೆಡ್‌ಲೈನ್‌ನಲ್ಲಿ ಏನು ಬರೆದೆ ಅನ್ನುವುದನ್ನ ಮಾತ್ರ ಇಲ್ಲಿ ಹೇಳಲ್ಲ, ಅದು ನನಗೇ ಇರಲಿ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಶನ್‌ನಲ್ಲಿ 14 ತಿಂಗಳ ವಾಟರ್ ಟ್ಯಾಂಕರ್ ಬಿಲ್ ಇತ್ತು. ಅದನ್ನ ಪವರ್ ಬಿಐನಲ್ಲಿ ಹಾಕಿ, ಯಾವ ತಿಂಗಳು ಎಷ್ಟು ಟ್ಯಾಂಕರ್, ಬೇಸಿಗೆಯಲ್ಲಿ ಒಂದು ಟ್ಯಾಂಕರ್‌ಗೆ ಎಷ್ಟು ಏರಿತು ಅಂತ ಒಂದು ಪುಟದ ರಿಪೋರ್ಟ್ ಮಾಡಿದೆ. ಜಿಮೇಲ್ ಐಡಿಯಲ್ಲಿ ಪವರ್ ಬಿಐ ಸರ್ವಿಸ್‌ಗೆ ಸೈನ್ ಅಪ್ ಆಗಲ್ಲ, ಹಾಗಾಗಿ ಪಿಡಿಎಫ್ ಮಾಡಿ Featured ಭಾಗದಲ್ಲಿ ಹಾಕಿದೆ. ಫ್ಲ್ಯಾಟ್ ನಂಬರ್ ಎಲ್ಲಾ ತೆಗೆದಿದ್ದೆ. ಆಮೇಲೆ ಹೋದ ನಾಲ್ಕು ಇಂಟರ್‌ವ್ಯೂನಲ್ಲಿ ಮೂರರಲ್ಲಿ ಮೊದಲು ಕೇಳಿದ್ದು ಟ್ಯಾಂಕರ್ ಬಗ್ಗೆಯೇ. ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಕಷ್ಟ ಅಲ್ವಾ, ಮಾತು ತಾನಾಗೇ ಬೆಳೆಯುತ್ತಿತ್ತು.

ಕರೆಗಳ ಸಂಖ್ಯೆ ಜಾಸ್ತಿ ಆಗಲಿಲ್ಲ, ಅದನ್ನ ನೇರವಾಗಿ ಹೇಳಿಬಿಡ್ತೀನಿ. ಮೊದಲು ವಾರಕ್ಕೆ ಐದಾರು ಬರುತ್ತಿತ್ತು, ಆಮೇಲೆ ಎರಡು ಮೂರಕ್ಕೆ ಇಳಿಯಿತು. ಮೊದಲ ತಿಂಗಳು ಭಯವಾಗಿತ್ತು. ಆದರೆ ಮೊದಲಿನ ಐದರಲ್ಲಿ ನಾಲ್ಕು ಸಪೋರ್ಟ್‌ಗೆ, ಈಗಿನ ಎರಡೂ ಅನಲಿಸ್ಟ್‌ಗೆ. ಮೂರನೇ ತಿಂಗಳು ಆಫರ್ ಬಂತು, ಏಳೂವರೆ ಲಕ್ಷದಿಂದ ಹನ್ನೊಂದರ ಹತ್ತಿರಕ್ಕೆ.

ಈಗ ಅನುಭವದಲ್ಲೇ ಅನಲಿಸ್ಟ್ ಅಂತ ಬಂದಿರುವುದರಿಂದ ಗೂಗಲ್‌ನದ್ದೂ ಹೋಗಬೇಕು, ಈ ತಿಂಗಳು ತೆಗೆಯುತ್ತೇನೆ. PL-300 ರಿನ್ಯೂವಲ್ ಮೇಲ್ ಮೊನ್ನೆ ಬಂದಿದೆ. ಶನಿವಾರ ಬೆಳಿಗ್ಗೆ ತಿಂಡಿ ಆದಮೇಲೆ ಕೂತು ಮುಗಿಸಬೇಕು.